ಎಂಟು ನಿಮಿಷದ ವಾದ

ಕಳೆದ ತಿಂಗಳು ಹತ್ತು ದಿನ ನಮ್ಮ ಮನೆಯ ಊಟದ ಮೇಜು ಕೋರ್ಟ್ ಆಗಿತ್ತು. ಕಾನೂನು ಓದುತ್ತಿರುವ ಮೊಮ್ಮಗಳು ಒಂದು ತುದಿಯಲ್ಲಿ ನಿಂತು ವಾದಿಸುವುದು, ಇನ್ನೊಂದು ತುದಿಯಲ್ಲಿ ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನ್ಯಾಯಾಧೀಶನಾಗಿ ಕೂರುವುದು. ನಡುವೆ ಅವಳ ಅಜ್ಜಿ ಬಂದು, "ಸ್ವಾಮಿ, ಹುಳಿ ಆರಿ ಹೋಗ್ತಿದೆ" ಎಂದಾಗ ಕಲಾಪ ಮುಂದೂಡಲಾಗುತ್ತಿತ್ತು.

ಅವಳ ಕಾಲೇಜಿನಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆ ಇತ್ತು. ಮಕ್ಕಳೇ, ಇದು ನಾಟಕದಂತೆ ಕಂಡರೂ ಇದರಲ್ಲಿ ಮಾತುಗಳನ್ನು ಮೊದಲೇ ಬರೆದುಕೊಟ್ಟಿರುವುದಿಲ್ಲ. ಕಾಲೇಜಿನವರು ಒಂದು ಕಲ್ಪಿತ ವ್ಯಾಜ್ಯವನ್ನು ಕೊಡುತ್ತಾರೆ. ಅದರಲ್ಲಿರುವ ಸಂಗತಿಗಳನ್ನು ಯಾರೂ ಬದಲಿಸುವಂತಿಲ್ಲ. ಒಬ್ಬರು ಈ ಕಡೆ, ಒಬ್ಬರು ಆ ಕಡೆ. ಕೊನೆಯಲ್ಲಿ ಒಬ್ಬೊಬ್ಬರಿಗೂ ಅಂತಿಮ ವಾದಕ್ಕೆ ಎಂಟು ನಿಮಿಷ. ನ್ಯಾಯಾಧೀಶರು ನಡುವೆ ಕೇಳುವ ಪ್ರಶ್ನೆಗಳ ಹೊತ್ತೂ ಆ ಎಂಟರೊಳಗೇ ಸೇರಿತು.

ಈ ಸಲ ಕೊಟ್ಟದ್ದು ನನ್ನ ಕಸುಬಿನ ವಿಷಯ. ಬಟ್ಟೆ ಅಂಗಡಿಯ ಮಾಲೀಕನೊಬ್ಬನ ಹತ್ತಿರ ಲೆಕ್ಕ ಬರೆಯುವವನು 14 ತಿಂಗಳಲ್ಲಿ 9 ಚೆಕ್ಕುಗಳಿಗೆ ಮಾಲೀಕನ ಸಹಿಯನ್ನು ನಕಲು ಮಾಡಿ 2,70,000 ರೂಪಾಯಿ ತೆಗೆದ. ಪಾಸ್‌ಬುಕ್ ತಿಂಗಳು ತಿಂಗಳೂ ಬರೆದು ಬರುತ್ತಿತ್ತು. ಮಾಲೀಕ ತೆರೆದು ನೋಡಲಿಲ್ಲ. ಗೊತ್ತಾದ ದಿನವೇ ಬ್ಯಾಂಕಿಗೆ ತಿಳಿಸಿದ. ನಷ್ಟ ಯಾರದು? ಮೊಮ್ಮಗಳು ಮಾಲೀಕನ ಪರ. ನಾನು, ಹೇಳಬೇಕಾಗಿಲ್ಲ, ಮನಸ್ಸಿನಲ್ಲೇ ಬ್ಯಾಂಕಿನ ಪರ.

ಮೊದಲ ದಿನದ ಅವಳ ವಾದ ಕಥೆಯಾಗಿಬಿಟ್ಟಿತ್ತು. ಅಂಗಡಿ ಎಲ್ಲಿತ್ತು, ಗುಮಾಸ್ತ ಯಾವಾಗ ಸೇರಿದ ಎಂಬುದಕ್ಕೇ ಮೂರು ನಿಮಿಷ ಕಳೆಯಿತು. ನ್ಯಾಯಾಧೀಶರು ಕಡತ ಓದಿಕೊಂಡೇ ಕೂತಿರುತ್ತಾರೆ. ಅವರಿಗೆ ಬೇಕಾದದ್ದು ತೀರ್ಮಾನಿಸಬೇಕಾದ ಪ್ರಶ್ನೆ. ಮೂರನೆಯ ದಿನದ ಹೊತ್ತಿಗೆ ಆರಂಭ ಹೀಗಾಯಿತು: "ಚೆಕ್ ಎಂದರೆ ಗ್ರಾಹಕ ತನ್ನ ಬ್ಯಾಂಕಿಗೆ ಕೊಡುವ ಆಜ್ಞೆ. ಈ ಒಂಬತ್ತು ಸಲ, ಆಜ್ಞೆಯೇ ಇರಲಿಲ್ಲ." ಮೊದಲು ಅವಳು "ಇರಲಿಲ್ಲ" ಎಂಬುದನ್ನು ಕೂಗಿ ಹೇಳುತ್ತಿದ್ದಳು. ಆಮೇಲೆ, ಆ ಮಾತಿಗೆ ಮುಂಚೆ ಒಂದು ಉಸಿರಿನಷ್ಟು ನಿಂತು, ದನಿ ತಗ್ಗಿಸಿ ಹೇಳತೊಡಗಿದಳು. ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅವಳ ಅಜ್ಜಿ ಕಿವಿಗೊಟ್ಟಿದ್ದಳು.

ಉಳಿದದ್ದಕ್ಕೆ ಮೂರು ಕಾಲುಗಳು. ಆಜ್ಞೆ ಇಲ್ಲದೆ ಬ್ಯಾಂಕು ಕೊಟ್ಟ ಹಣ ಬ್ಯಾಂಕಿನದೇ ಹೊರತು ಗ್ರಾಹಕನದಲ್ಲ ಎಂಬುದು ಒಂದು. ಪಾಸ್‌ಬುಕ್ ನೋಡದಿದ್ದುದರಿಂದ ಅವನ ಹಕ್ಕು ಹೋಗುವುದಿಲ್ಲ ಎಂಬುದು ಎರಡು. ಮಾದರಿ ಸಹಿಯನ್ನು ಹೋಲಿಸಿ ನೋಡುವ ಕೆಲಸ ಬ್ಯಾಂಕಿನದು ಎಂಬುದು ಮೂರು. ಕೊನೆಗೆ ನ್ಯಾಯಾಲಯ ಏನು ಮಾಡಬೇಕು ಎಂಬ ಪ್ರಾರ್ಥನೆ. ಅದನ್ನು ಮರೆತು ಕೂತರೆ ಊಟಕ್ಕೆ ಕರೆದು ಎಲೆ ಹಾಕದಂತೆ.

ಕಷ್ಟವಿದ್ದದ್ದು ಪ್ರಶ್ನೆಗಳಲ್ಲಿ. ನಾನು ಪ್ರತಿ ಸಲ ಅಡ್ಡ ಹಾಕುತ್ತಿದ್ದೆ: "ಪಾಸ್‌ಬುಕ್ ತೆರೆದು ನೋಡಿದ್ದರೆ ಮೊದಲ ತಿಂಗಳೇ ಸಿಕ್ಕಿಬೀಳುತ್ತಿದ್ದನಲ್ಲಮ್ಮ?" ಅವಳು, "ಅದಕ್ಕೆ ಆಮೇಲೆ ಬರುತ್ತೇನೆ, ಸ್ವಾಮಿ" ಎನ್ನುತ್ತಿದ್ದಳು. ಕೇಳಿದವರಿಗೆ ಆ ಕ್ಷಣ ಬೇರೇನೂ ಕಿವಿಗೆ ಬೀಳುವುದಿಲ್ಲ. ಉತ್ತರ ಸಿಗುವವರೆಗೆ ಪ್ರಶ್ನೆ ಅಲ್ಲೇ ಕೂತಿರುತ್ತದೆ. ಅವಳ ಪ್ರಾಧ್ಯಾಪಕಿಯೂ ಇದನ್ನೇ ಹೇಳಿದರಂತೆ: ಮೊದಲ ಮಾತು ಹೌದು ಅಥವಾ ಅಲ್ಲ ಎಂದಿರಲಿ, ನಂತರ ಕಾರಣ, ಬಳಿಕ ಬಿಟ್ಟಲ್ಲಿಗೆ ವಾಪಸ್ಸು.

ಸ್ಪರ್ಧೆಯ ದಿನ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪೀಠದಲ್ಲಿ ಇದ್ದವರು ನಿವೃತ್ತ ನ್ಯಾಯಾಧೀಶರೊಬ್ಬರು. ಎರಡನೆಯ ನಿಮಿಷಕ್ಕೇ ತಡೆದರು. "ನಿಮ್ಮ ಕಕ್ಷಿದಾರ 14 ತಿಂಗಳು ಪಾಸ್‌ಬುಕ್ ನೋಡಲಿಲ್ಲ. ಇದು ಅಜಾಗರೂಕತೆ ಅಲ್ಲವೇ?"

"ಹೌದು ಸ್ವಾಮಿ, ಅಜಾಗರೂಕತೆಯೇ."

ನನ್ನ ಎದೆ ಧಸಕ್ಕೆಂದಿತು. ಎದುರಾಳಿ ಹುಡುಗ ಅದನ್ನು ಬರೆದುಕೊಂಡ. ಅವಳು ಮುಂದುವರಿಸಿದಳು: "ಆದರೆ ನೋಡಿ ಸರಿ ತಪ್ಪು ತಿಳಿಸುತ್ತೇನೆ ಎಂಬ ಕರ್ತವ್ಯವನ್ನು ಅವರು ಬ್ಯಾಂಕಿಗೆ ಒಪ್ಪಿಕೊಟ್ಟಿರಲಿಲ್ಲ. ಕರ್ತವ್ಯವಿಲ್ಲದ ಕಡೆ ಬರೀ ಅಜಾಗರೂಕತೆಯಿಂದ ಹಕ್ಕು ಹೋಗುವುದಿಲ್ಲ. ಕೆನರಾ ಬ್ಯಾಂಕ್ ಮತ್ತು ಕೆನರಾ ಸೇಲ್ಸ್ ಕಾರ್ಪೊರೇಷನ್ ನಡುವಿನ ಮೊಕದ್ದಮೆಯಲ್ಲಿ 42 ಚೆಕ್ಕುಗಳಿಗೆ ಖೋಟಾ ಸಹಿ ಬಿದ್ದಿತ್ತು, ಮೊತ್ತ ಮೂರು ಲಕ್ಷದ ಮೇಲೆ. ಸುಪ್ರೀಂ ಕೋರ್ಟ್ 1987ರಲ್ಲಿ ಗ್ರಾಹಕರ ಪರವಾಗಿಯೇ ತೀರ್ಪು ಕೊಟ್ಟಿತು."

"ಹಾಗಾದರೆ ಗ್ರಾಹಕನಿಗೆ ಯಾವ ಕರ್ತವ್ಯವೂ ಇಲ್ಲವೋ?"

"ಇದೆ ಸ್ವಾಮಿ, ಎರಡು." ಇಂಗ್ಲೆಂಡಿನ ಎರಡು ಹಳೆಯ ಮೊಕದ್ದಮೆಗಳನ್ನು ಹೇಳಿದಳು. 1918ರದು ಒಂದು. ಗುಮಾಸ್ತನೊಬ್ಬ ಎರಡು ಪೌಂಡಿನ ಚೆಕ್ ಎಂದು ಮುಂದಿಟ್ಟ. ಅಂಕಿಯ ಪಕ್ಕ ಜಾಗ, ಅಕ್ಷರದಲ್ಲಿ ಬರೆಯುವ ಕಡೆ ಖಾಲಿ. ಮಾಲೀಕ ಅವಸರದಲ್ಲಿ ಸಹಿ ಹಾಕಿದ. ಗುಮಾಸ್ತ ಅದನ್ನು 120 ಪೌಂಡ್ ಮಾಡಿದ. ಅಲ್ಲಿ ಸಹಿ ನಿಜವಾದದ್ದು, ಜಾಗ ಬಿಟ್ಟದ್ದು ಗ್ರಾಹಕನ ತಪ್ಪು, ಬ್ಯಾಂಕು ಗೆದ್ದಿತು. 1930ರ ದಶಕದ ಇನ್ನೊಂದರಲ್ಲಿ ಹೆಂಡತಿ ತನ್ನ ಸಹಿ ನಕಲು ಮಾಡುತ್ತಿದ್ದುದು ಗಂಡನಿಗೆ ಗೊತ್ತಾದ ಮೇಲೂ ಆತ ತಿಂಗಳುಗಟ್ಟಲೆ ಬ್ಯಾಂಕಿಗೆ ಹೇಳಲಿಲ್ಲ. ಆಕೆ ತೀರಿಕೊಂಡರು, ಬ್ಯಾಂಕಿಗೆ ವಸೂಲಿಯ ದಾರಿ ತಪ್ಪಿತು, ಅವನು ಸೋತ. "ನಮ್ಮ ಕಕ್ಷಿದಾರರು ಖಾಲಿ ಜಾಗ ಬಿಟ್ಟು ಸಹಿ ಹಾಕಲಿಲ್ಲ, ಗೊತ್ತಾದ ಮೇಲೆ ಒಂದು ದಿನವೂ ಸುಮ್ಮನಿರಲಿಲ್ಲ."

ನ್ಯಾಯಾಧೀಶರು ಬಿಡಲಿಲ್ಲ. "ಹದಿನೈದು ದಿನದೊಳಗೆ ತಪ್ಪು ತಿಳಿಸದಿದ್ದರೆ ಲೆಕ್ಕ ಒಪ್ಪಿದಂತೆ ಎಂದು ಗ್ರಾಹಕ ಸಹಿ ಹಾಕಿಕೊಟ್ಟಿದ್ದರೆ?"

ಇದನ್ನು ನಾನು ಊಟದ ಮೇಜಿನಲ್ಲಿ ಕೇಳಿರಲಿಲ್ಲ. ಅವಳು ಹಾಳೆ ತಿರುವಲಿಲ್ಲ. "ಅಂಥ ಕರಾರು ಇದ್ದಿದ್ದರೆ ನನ್ನ ಎರಡನೆಯ ವಾದ ದುರ್ಬಲವಾಗುತ್ತಿತ್ತು, ಸ್ವಾಮಿ. ನಮಗೆ ಕೊಟ್ಟ ಸಂಗತಿಗಳಲ್ಲಿ ಅದು ಇಲ್ಲ." ಅಷ್ಟೇ. ಇದ್ದರೂ ಗೆಲ್ಲುತ್ತಿದ್ದೆವು ಎಂದು ಬಡಾಯಿ ಕೊಚ್ಚಿದ್ದರೆ, ಮುಂದಿನ ಪ್ರಶ್ನೆ ಅವಳನ್ನು ಬಾವಿಗೆ ಇಳಿಸುತ್ತಿತ್ತು.

ಅಷ್ಟರಲ್ಲಿ ಏಳನೆಯ ನಿಮಿಷದ ಗಂಟೆ ಹೊಡೆಯಿತು. ಮೂರನೆಯ ಕಾಲು, ಮಾದರಿ ಸಹಿಯದು, ಇನ್ನೂ ಬಾಕಿ. ಅದಕ್ಕಾಗಿ ಅವಳು ಎರಡು ರಾತ್ರಿ ನಿದ್ದೆಗೆಟ್ಟಿದ್ದಳು. ಓಡಿಸಿ ಹೇಳುತ್ತಾಳೆ ಎಂದುಕೊಂಡೆ. ಅವಳು ಅದನ್ನು ಇಡಿಯಾಗಿ ಬಿಟ್ಟುಬಿಟ್ಟಳು. ನಿಧಾನವಾಗಿ ಮೊದಲಿನ ಮಾತಿಗೇ ಮರಳಿ, ಒಂಬತ್ತು ಸಲ ಆಜ್ಞೆಯೇ ಇರಲಿಲ್ಲ ಎಂದು, 2,70,000 ರೂಪಾಯಿಯನ್ನು ಖಾತೆಗೆ ಮರಳಿ ಜಮಾ ಮಾಡಿಸಬೇಕೆಂದು ಪ್ರಾರ್ಥಿಸಿ ಕೂತಳು. ಇನ್ನೂ ಕೆಲವು ಸೆಕೆಂಡು ಉಳಿದಿದ್ದವು.

ಎರಡನೆಯ ಬಹುಮಾನ ಬಂತು. ಎದುರಾಳಿ ಹುಡುಗನಿಗೆ ಮೊದಲನೆಯದು. ನಿಜ ಹೇಳಬೇಕೆಂದರೆ ಅವನು ಸೋಲುವ ಪಕ್ಷ ಹಿಡಿದು ಇನ್ನೂ ಚೆನ್ನಾಗಿ ನಿಂತಿದ್ದ.

ಬಸ್ಸಿನಲ್ಲಿ ಬರುವಾಗ ಅವಳು ಕೇಳಿದಳು: "ತಾತ, ಹತ್ತು ದಿನವೂ ಆ ಪಾಸ್‌ಬುಕ್ ಪ್ರಶ್ನೆಯನ್ನೇ ಕೇಳಿದಿರಿ. ಅದೂ ಸಿಟ್ಟಿನಲ್ಲಿ. ಯಾಕೆ?"

1983ರಲ್ಲಿ ಒಂದು ಸಂಬಳದ ದಿನ, ಕೌಂಟರಿನ ಮುಂದೆ ಬಾಗಿಲವರೆಗೂ ಸಾಲು ಇದ್ದಾಗ, ನಾನು 4,000 ರೂಪಾಯಿಯ ಚೆಕ್ಕೊಂದರ ಸಹಿಯನ್ನು ಮಾದರಿ ಕಾರ್ಡಿನೊಂದಿಗೆ ಅರೆಗಣ್ಣಿನಲ್ಲಿ ಹೋಲಿಸಿ ಮುಂದೆ ಸಾಗಿಸಿದ್ದೆ. ಖಾತೆ ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯದು, ಸಹಿ ಅವರ ಸಂಬಂಧಿಕನದು. ಬ್ಯಾಂಕು ಹಣ ತುಂಬಿಕೊಟ್ಟಿತು, ನನಗೆ ಮೆಮೊ ಬಂತು. ಆರು ತಿಂಗಳು ಪಾಸ್‌ಬುಕ್ ನೋಡದ ಆಕೆಯದೇ ತಪ್ಪು ಎಂದು ಇಷ್ಟು ವರ್ಷ ನನ್ನೊಳಗೇ ವಾದಿಸುತ್ತಾ ಬಂದಿದ್ದೆ.

ಹೇಳಿದೆ. ಅವಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಮಾದರಿ ಸಹಿಯ ವಾದ ಬಿಟ್ಟದ್ದೇ ಒಳ್ಳೆಯದಾಯಿತು ಬಿಡಿ, ತಾತ" ಎಂದಳು.