ಬೀಗ ಬಿದ್ದ ಮೇಲೆ ಊಹೆ ಬೇಡ

ಬೇಸಿಗೆ ರಜೆ ಮುಗಿಸಿ ಬಂದ ಉಪನ್ಯಾಸಕಿಯೊಬ್ಬರು ಕಾಲೇಜಿನ ಮೇಲ್ ತೆರೆಯಲು ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಕಾಲೇಜಿನಲ್ಲಿರುವುದು ಮೈಕ್ರೋಸಾಫ್ಟ್‌ನ ಔಟ್‌ಲುಕ್. ಪಾಸ್‌ವರ್ಡ್‌ನಲ್ಲಿ ಮಗಳ ಹೆಸರಿದ್ದದ್ದು ನೆನಪಿದೆ, ಅದರ ಹಿಂದಿದ್ದ ಇಸವಿ ಮರೆತಿದೆ. 2022, 2023, 2024 ಎಂದು ಹೊಡೆಯುತ್ತಾರೆ, ಮೊದಲಕ್ಷರ ದೊಡ್ಡದು ಮಾಡಿ ನೋಡುತ್ತಾರೆ. ಹತ್ತು ಸಲ ತಪ್ಪಾದರೆ ಖಾತೆಗೆ ಬೀಗ.

ಮೈಕ್ರೋಸಾಫ್ಟ್ ಮೊದಲೇ ಇಟ್ಟಿರುವ ಲೆಕ್ಕ ಹತ್ತು. ಸಂಸ್ಥೆಗಳು ಬೇಕಾದರೆ ಬದಲಿಸಿಕೊಳ್ಳಬಹುದು. ಮೊದಲ ಬೀಗ ಒಂದು ನಿಮಿಷದ್ದು. ಬಿಟ್ಟ ಮೇಲೆ ಮತ್ತೆ ತಪ್ಪಿದರೆ ಮತ್ತೆ ಬೀಗ, ಮುಂದೆ ಮುಂದೆ ಅವಧಿಯೂ ಹೆಚ್ಚು. ಯಂತ್ರ ಹಚ್ಚಿ ಸಾವಿರಾರು ಪಾಸ್‌ವರ್ಡ್ ಸುರಿಯುವ ಕಳ್ಳನಿಗೆ ಈ ಕಾಯುವಿಕೆಯೇ ಪೆಟ್ಟು. ಆದರೆ ಇಸವಿ ಬದಲಿಸುತ್ತ ಕೂತ ಮೇಡಂ ಕೂಡ ಸರ್ವರ್ ಕಣ್ಣಿಗೆ ಕಳ್ಳನಂತೆಯೇ ಕಾಣುತ್ತಾರೆ.

ಒಂದು ಸಣ್ಣ ರಿಯಾಯಿತಿ ಇದೆ. ಕೊನೆಯ ಮೂರು ತಪ್ಪು ಪಾಸ್‌ವರ್ಡ್‌ಗಳ ಗುರುತನ್ನು ವ್ಯವಸ್ಥೆ ಇಟ್ಟುಕೊಂಡಿರುತ್ತದೆ. ಅದೇ ತಪ್ಪನ್ನು ಮತ್ತೆ ಹೊಡೆದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಸ್‌ವರ್ಡನ್ನು ಸಂಸ್ಥೆಯ ಸ್ವಂತ ಸರ್ವರ್ ಪರಿಶೀಲಿಸುವ ಕಡೆ ಇಷ್ಟೂ ಸಿಗದು. ಸಿಕ್ಕರೂ ಮೇಡಂಗೆ ಉಪಯೋಗವಿಲ್ಲ, ಏಕೆಂದರೆ ಅವರು ಹೊಡೆದದ್ದೆಲ್ಲ ಹೊಸ ಹೊಸ ತಪ್ಪು.

ಹೆಚ್ಚಿನವರಿಗೆ ಹೊಳೆಯದ ತೊಡಕು ಇನ್ನೊಂದಿದೆ. ಬೀಗ ಬಿದ್ದಿರುವಾಗ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುವುದಿಲ್ಲ. ಹನ್ನೊಂದನೆಯ ಸಲ ಮೇಡಂ ಹೊಡೆದದ್ದೇ ನಿಜವಾದ ಪಾಸ್‌ವರ್ಡ್ ಆಗಿದ್ದರೆ? ಪರದೆ ಬೇಡವೆನ್ನುತ್ತದೆ, ಅವರು ಅದನ್ನು ಮನಸ್ಸಿನ ಪಟ್ಟಿಯಿಂದ ಹೊಡೆದುಹಾಕುತ್ತಾರೆ. ಆಮೇಲೆ ಬೀಗ ಬಿಟ್ಟರೂ ಆ ಕಡೆ ಮತ್ತೆ ಹೋಗುವುದಿಲ್ಲ. ಕಾಲದ ನಷ್ಟಕ್ಕಿಂತ ಇದು ದೊಡ್ಡ ನಷ್ಟ. ಪರದೆಯ ಮೇಲೆ ಬಂದ ಸಾಲು ಪಾಸ್‌ವರ್ಡ್ ತಪ್ಪು ಎನ್ನುತ್ತಿದೆಯೋ, ಖಾತೆಗೆ ಬೀಗ ಬಿದ್ದಿದೆ ಎನ್ನುತ್ತಿದೆಯೋ ನಿಧಾನವಾಗಿ ಓದಬೇಕು. ಬೀಗದ್ದಾದರೆ ಆಗ ಹೊಡೆದ ಪಾಸ್‌ವರ್ಡ್ ಸರಿಯೋ ತಪ್ಪೋ ಅದರಿಂದ ತಿಳಿಯುವುದಿಲ್ಲ.

ಸಾಲದ್ದಕ್ಕೆ ಕೆಲವರು ಸೈಬರ್ ಸೆಂಟರಿಗೆ ಓಡುತ್ತಾರೆ. ಪರಿಚಿತ ಜಾಗದಿಂದ ಬಂದ ತಪ್ಪುಗಳಿಗೂ ಅಪರಿಚಿತ ಜಾಗದಿಂದ ಬಂದವಕ್ಕೂ ಈ ವ್ಯವಸ್ಥೆ ಬೇರೆ ಬೇರೆ ಲೆಕ್ಕ ಇಡುತ್ತದೆ. ಎಲ್ಲೋ ಕೂತ ಕಳ್ಳ ಬೀಗ ಹಾಕಿಸಿದರೂ ಮಾಮೂಲಿ ಜಾಗದಿಂದ ಬರುವ ಮಾಲೀಕ ಹೊರಗುಳಿಯದಿರಲಿ ಎಂಬುದು ಉದ್ದೇಶ. ಸೈಬರ್ ಸೆಂಟರಿನಿಂದ ಬಂದವರು ತಾವಾಗಿಯೇ ಕಳ್ಳನ ಸಾಲಿನಲ್ಲಿ ನಿಂತಂತೆ.

ಹಾಗಾದರೆ ದಾರಿ ಯಾವುದು? ಸಂಸ್ಥೆ ಅವಕಾಶ ಕೊಟ್ಟಿದ್ದರೆ ಪಾಸ್‌ವರ್ಡ್ ಮರುಹೊಂದಿಸುವ ಪುಟಕ್ಕೆ ಹೋಗಬೇಕು. ಅಲ್ಲಿ I forgot my password ಆರಿಸಿ ಹೊಸದು ಇಟ್ಟರೆ ಬೀಗದ ಅವಧಿ ಸೊನ್ನೆಗೆ ಇಳಿಯುತ್ತದೆ. ‘ಗೊತ್ತಿದೆ, ಬೀಗ ತೆಗೆದರೆ ಸಾಕು’ ಎಂಬ ಭರವಸೆಯಲ್ಲಿ I know my password ಒತ್ತಿದರೆ ಗಡಿಯಾರ ಓಡುತ್ತಲೇ ಇರುತ್ತದೆ. ಅಲ್ಲಿಯೂ ಎಚ್ಚರ ಬೇಕು: 24 ಗಂಟೆಯಲ್ಲಿ ಐದು ಪ್ರಯತ್ನ ಮಾತ್ರ, ಮೀರಿದರೆ ಆ ಬಾಗಿಲೂ 24 ಗಂಟೆ ಮುಚ್ಚುತ್ತದೆ. ಹಳೆಯ ಫೋನ್ ನಂಬರ್ ಇನ್ನೂ ಖಾತೆಯಲ್ಲಿದ್ದು ಒಟಿಪಿ ಬರುತ್ತಿಲ್ಲವಾದರೆ, ಆ ಐದನ್ನು ಖರ್ಚು ಮಾಡುವ ಮೊದಲೇ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿ ಹೊಸ ಪಾಸ್‌ವರ್ಡ್ ಹಾಕಿಸಿಕೊಳ್ಳಬೇಕು.