ಕೋಲ್ಡ್ ಇಮೇಲ್ ಸ್ಪ್ಯಾಮ್‌ಗೆ ಬೀಳೋದು ಯಾಕೆ? ದಿನಕ್ಕೆ ಎಷ್ಟು ಕಳಿಸಬಹುದು?

ಪರಿಚಯವೇ ಇಲ್ಲದ ಒಬ್ಬರಿಗೆ, 'ನಾನು ಈ ಕೆಲಸ ಮಾಡ್ತೀನಿ, ನಿಮಗೆ ಬೇಕಾಗಬಹುದು' ಅಂತ ಬರೆಯೋ ಮೇಲ್‌ಗೆ ಕೋಲ್ಡ್ ಇಮೇಲ್ ಅಂತಾರೆ. ಫ್ರೀಲ್ಯಾನ್ಸ್ ಮಾಡೋರು, ಸಣ್ಣ ಸ್ಟುಡಿಯೊ ಇಟ್ಟುಕೊಂಡೋರು ಗಿರಾಕಿ ಹುಡುಕೋಕೆ ಇದನ್ನೇ ನಂಬಿರ್ತಾರೆ. ತುಂಬಾ ಜನರ ದೂರು ಒಂದೇ: 'ನೂರು ಮೇಲ್ ಹಾಕಿದೆ, ಒಂದೂ ಉತ್ತರ ಇಲ್ಲ.' ಎಷ್ಟೋ ಸಲ ಆ ನೂರನ್ನೂ ಯಾರೂ ಓದಿಯೇ ಇರಲ್ಲ, ಅವು ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿರ್ತವೆ. ಹಾಗೆ ಯಾಕಾಗುತ್ತೆ, ತಪ್ಪಿಸೋದು ಹೇಗೆ ಅನ್ನೋದನ್ನ ಇವತ್ತು ಒಂದು ಉದಾಹರಣೆ ಇಟ್ಟುಕೊಂಡು ಹೇಳ್ತೀನಿ.

ಮೈಸೂರಿನಲ್ಲಿ ಇಬ್ಬರು ಗೆಳತಿಯರು ಸೇರಿ ವೆಬ್‌ಸೈಟ್ ಮಾಡಿಕೊಡೋ ಸ್ಟುಡಿಯೊ ಶುರು ಮಾಡಿದ್ದಾರೆ ಅಂದುಕೊಳ್ಳಿ. ಕೊಡಗು, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳು ಅವರ ಗುರಿ. ಅರುವತ್ತು ಹೋಂಸ್ಟೇಗಳ ಪಟ್ಟಿ ಕೈಯಲ್ಲಿದೆ. ಸ್ಟುಡಿಯೊ ಹೆಸರಲ್ಲಿ ಸ್ವಂತ ಡೊಮೇನ್ ಇದೆ, ಮೇಲ್ ಗೂಗಲ್ ವರ್ಕ್‌ಸ್ಪೇಸ್ ಮೂಲಕ ಹೋಗುತ್ತೆ. ಅದೇ ವಿಳಾಸದಿಂದಲೇ ಹಳೇ ಗಿರಾಕಿಗಳಿಗೆ ಬಿಲ್ಲೂ ಹೋಗುತ್ತೆ. ಈ ಕೊನೆಯ ಮಾತನ್ನ ನೆನಪಿಟ್ಟುಕೊಳ್ಳಿ, ಇಡೀ ಕಥೆಯ ಅಪಾಯ ಇರೋದೇ ಅಲ್ಲಿ.

ಮೊದಲ ಪ್ರಶ್ನೆ: ನೀನು ಯಾರು?

ನಿಮ್ಮ ಮೇಲ್ ಬಂದಾಗ ಜಿಮೇಲ್ ಮೊದಲು ನೋಡೋದು, ಈ ಹೆಸರಲ್ಲಿ ಕಳಿಸಿದವರು ನಿಜವಾಗಿಯೂ ಅವರೇನಾ ಅಂತ. From ಜಾಗದಲ್ಲಿ ಯಾರು ಯಾರ ಹೆಸರು ಬೇಕಾದ್ರೂ ಬರೆಯಬಹುದು, ಲಕೋಟೆ ಮೇಲೆ ಸುಳ್ಳು ವಿಳಾಸ ಬರೆದ ಹಾಗೆ. ಅದನ್ನ ಪತ್ತೆ ಮಾಡೋಕೆ ಮೂರು ದಾಖಲೆಗಳಿವೆ. ಎಸ್‌ಪಿಎಫ್ ಅಂದ್ರೆ ನಿಮ್ಮ ಹೆಸರಲ್ಲಿ ಮೇಲ್ ಕಳಿಸೋಕೆ ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಅನ್ನೋ ಪಟ್ಟಿ. ಡಿಕಿಮ್ ಅಂದ್ರೆ ಪ್ರತಿ ಮೇಲ್ ಮೇಲೆ ಬೀಳೋ ಡಿಜಿಟಲ್ ಸಹಿ. ಇವೆರಡೂ ತಾಳೆಯಾಗದಿದ್ರೆ ಏನು ಮಾಡಬೇಕು ಅಂತ ಹೇಳೋದು ಡಿಮಾರ್ಕ್. ಡೊಮೇನ್ ಕೊಂಡ ಕಂಪನಿಯ ಡಿಎನ್ಎಸ್ ಪುಟದಲ್ಲಿ ಇವನ್ನ ಸೇರಿಸಬೇಕು. ವರ್ಕ್‌ಸ್ಪೇಸ್ ಬಳಸೋರಿಗೆ ಹೀಗಿರುತ್ತೆ:

```
@                  TXT  v=spf1 include:_spf.google.com ~all
google._domainkey  TXT  v=DKIM1; k=rsa; p=...
_dmarc             TXT  v=DMARC1; p=none
```

ಮಧ್ಯದ ಸಾಲಿನ ಉದ್ದದ ಕೀಲಿಯನ್ನ ವರ್ಕ್‌ಸ್ಪೇಸ್‌ನ ಅಡ್ಮಿನ್ ಪುಟವೇ ಕೊಡುತ್ತೆ. ಅದನ್ನ ಡಿಎನ್ಎಸ್‌ನಲ್ಲಿ ಹಾಕಿದ ಮೇಲೆ ವಾಪಸ್ ಅಡ್ಮಿನ್ ಪುಟಕ್ಕೆ ಬಂದು Start authentication ಒತ್ತಬೇಕು. ಅದನ್ನ ಒತ್ತದೇ ಬಿಟ್ಟರೆ ಸಹಿ ಬೀಳೋದೇ ಇಲ್ಲ. ಇನ್ನೊಂದು ತೊಡಕು: ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಮೊದಲೇ ಬೇರೆ ಸೇವೆಗೆ ಅಂತ ಒಂದಿದ್ದರೆ, ಹೊಸದನ್ನ ಬೇರೆ ಸಾಲಾಗಿ ಹಾಕದೆ ಅದರೊಳಗೇ ಸೇರಿಸಿ. ಎರಡಿದ್ದರೆ ಎರಡೂ ಕೆಲಸ ಮಾಡಲ್ಲ.

ಸರಿಯಾಯ್ತಾ ಅಂತ ನೋಡೋದು ಸುಲಭ. ನಿಮ್ಮದೇ ಬೇರೊಂದು ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರ್‌ನಲ್ಲಿ ಅದನ್ನ ತೆರೆದು, ಮೂರು ಚುಕ್ಕಿ ಒತ್ತಿ, Show original ಅನ್ನೋದನ್ನ ಆರಿಸಿ. ಮೂರರ ಮುಂದೆಯೂ PASS ಅಂತ ಬರಬೇಕು. ಆದ್ರೆ ಒಂದು ಮಾತು: PASS ಅನ್ನೋದು ಗುರುತಿನ ಚೀಟಿ ಮಾತ್ರ, ಒಳ್ಳೆಯವರು ಅನ್ನೋ ಪ್ರಮಾಣಪತ್ರ ಅಲ್ಲ. ಸ್ಪ್ಯಾಮ್ ಕಳಿಸೋರೂ ಈ ಮೂರನ್ನೂ ಹಾಕಿಕೊಂಡಿರ್ತಾರೆ.

ಎರಡನೇ ಪ್ರಶ್ನೆ: ಓದಿದವರು ಏನು ಮಾಡಿದ್ರು?

ಇಲ್ಲಿಂದ ಮುಂದಿನ ತೀರ್ಮಾನ ಮೇಲ್ ಪಡೆದವರ ಕೈಯಲ್ಲಿದೆ. ಅವರು ಉತ್ತರ ಬರೆದ್ರೆ ನಿಮ್ಮ ಡೊಮೇನ್‌ಗೆ ಒಳ್ಳೇ ಹೆಸರು. 'ಸ್ಪ್ಯಾಮ್' ಬಟನ್ ಒತ್ತಿದ್ರೆ ಕೆಟ್ಟ ಹೆಸರು. ಜಿಮೇಲ್ 2024ರ ಫೆಬ್ರವರಿಯಿಂದ ಇದಕ್ಕೆ ಬಹಿರಂಗ ಮಿತಿಯನ್ನೇ ಹಾಕಿದೆ: ಸ್ಪ್ಯಾಮ್ ದೂರು ಶೇ 0.1ಕ್ಕಿಂತ ಕಡಿಮೆ ಇಟ್ಟುಕೊಳ್ಳಿ, ಶೇ 0.3 ಯಾವತ್ತೂ ಮುಟ್ಟಬೇಡಿ ಅಂತ. ದಿನಕ್ಕೆ 5,000 ಮೇಲ್ ಕಳಿಸೋರಿಗೆ ಇನ್ನೂ ಕಠಿಣ ನಿಯಮಗಳಿವೆ, ಅದು ನಮ್ಮ ಗೆಳತಿಯರಿಗೆ ಬೇಕಿಲ್ಲ. ಆದ್ರೆ ಈ ಲೆಕ್ಕ ನೋಡಿ. ಶೇ 0.3 ಅಂದ್ರೆ ಸಾವಿರಕ್ಕೆ ಮೂರು. ಇವರು ಕಳಿಸೋದು ಬರೀ ಅರುವತ್ತು. ಅದರಲ್ಲಿ ಒಬ್ಬರು ಸಿಟ್ಟಾಗಿ ಬಟನ್ ಒತ್ತಿದ್ರೂ ಶೇ 1.6 ದಾಟಿತು! 'ನಾವು ಸಣ್ಣೋರು, ನಮ್ಮನ್ನ ಯಾರು ಗಮನಿಸ್ತಾರೆ' ಅನ್ನೋ ಧೈರ್ಯ ಇಲ್ಲಿ ನಡೆಯಲ್ಲ. ಕಡಿಮೆ ಕಳಿಸೋರಿಗೆ ಒಂದೊಂದು ದೂರೂ ಭಾರ.

ಸಬ್ಜೆಕ್ಟ್ ಲೈನ್ ಮುಖ್ಯ ಆಗೋದು ಈ ಕಾರಣಕ್ಕೆ. ತುಂಬಾ ಜನ ಸಬ್ಜೆಕ್ಟ್ ಲೈನ್ ಅಂದ್ರೆ ಮೇಲ್ ತೆರೆಸೋ ಉಪಾಯ ಅಂದುಕೊಂಡಿದ್ದಾರೆ. ಹಾಗಾಗಿ ಹಿಂದೆ ಮಾತೇ ಆಡದಿದ್ರೂ Re: ಅಂತ ಶುರು ಮಾಡ್ತಾರೆ, ಇಲ್ಲವೇ 'ನಿಮ್ಮ ಬುಕಿಂಗ್ ಬಗ್ಗೆ' ಅಂತ ಬರೀತಾರೆ. ಹೋಂಸ್ಟೇ ಮಾಲೀಕರು ಅತಿಥಿ ಬಂದರು ಅಂದುಕೊಂಡು ತೆರೀತಾರೆ ನಿಜ. ಒಳಗೆ ನೋಡಿದ್ರೆ ವೆಬ್‌ಸೈಟ್ ಮಾರಾಟ. ಆಗ ಅವರ ಬೆರಳು ಎಲ್ಲಿಗೆ ಹೋಗುತ್ತೆ ಹೇಳಿ? ಮೇಲ್ ತೆರೆದಿದ್ದು ಗೆಲುವಲ್ಲ, ತೆರೆದ ಮೇಲೆ ಮೋಸ ಹೋದೆ ಅನ್ನಿಸಬಾರದು. 'ಓಪನ್ ರೇಟ್' ಅಂಕಿಯನ್ನೂ ಪೂರ್ತಿ ನಂಬೋಕಾಗಲ್ಲ. 2021ರಿಂದ ಆ್ಯಪಲ್‌ನ ಮೇಲ್ ಆ್ಯಪ್, ಬಳಕೆದಾರರು ಆ ರಕ್ಷಣೆ ಆನ್ ಮಾಡಿಕೊಂಡಿದ್ರೆ, ಮೇಲ್ ಓದದಿದ್ರೂ ಅದರೊಳಗಿನ ಚಿತ್ರಗಳನ್ನ ತಾನೇ ಇಳಿಸಿಕೊಳ್ಳುತ್ತೆ. ಲೆಕ್ಕ ಇಡೋ ಸಾಫ್ಟ್‌ವೇರ್‌ಗೆ ಅದೂ 'ಓಪನ್' ಅಂತಲೇ ಕಾಣುತ್ತೆ. ಎಣಿಸಬೇಕಾದ್ದು ಉತ್ತರಗಳನ್ನ.

ಹಾಗಾದ್ರೆ ಏನು ಬರೀಬೇಕು? ಗೆಳತಿಯರು ಒಂದು ಹೋಂಸ್ಟೇ ವೆಬ್‌ಸೈಟನ್ನ ಮೊಬೈಲ್‌ನಲ್ಲಿ ತೆರೆದು ನೋಡ್ತಾರೆ. ಫೋನ್ ನಂಬರ್ ಕಾಣುತ್ತೆ, ಆದ್ರೆ ಒತ್ತಿದ್ರೆ ಕರೆ ಹೋಗಲ್ಲ, ಯಾಕಂದ್ರೆ ನಂಬರನ್ನ ಚಿತ್ರದಲ್ಲಿ ಬರೆದಿಟ್ಟಿದ್ದಾರೆ. ಸಬ್ಜೆಕ್ಟ್ ಲೈನ್ ಅಲ್ಲೇ ಸಿಕ್ಕಿತು:

ನಿಮ್ಮ ವೆಬ್‌ಸೈಟ್‌ನ ಫೋನ್ ನಂಬರ್ ಮೊಬೈಲಲ್ಲಿ ಒತ್ತಿದರೆ ಕರೆ ಹೋಗ್ತಿಲ್ಲ

ಮೊಬೈಲ್ ಪರದೆಯಲ್ಲಿ ಉದ್ದದ ಸಾಲಿನ ಕೊನೆ ಕತ್ತರಿಸಿ ಹೋಗುತ್ತೆ. ಇಲ್ಲಿ ಬಾಲ ಹೋದ್ರೂ 'ನಿಮ್ಮ ವೆಬ್‌ಸೈಟ್‌ನ ಫೋನ್ ನಂಬರ್' ಅನ್ನೋದು ಉಳಿಯುತ್ತೆ. ಮಾಲೀಕರು ತಮ್ಮ ಫೋನ್‌ನಲ್ಲೇ ಅರ್ಧ ನಿಮಿಷದಲ್ಲಿ ಪರೀಕ್ಷೆ ಮಾಡಿ ನೋಡಬಹುದು, ನಿಜ ಅಂತ ಗೊತ್ತಾಗುತ್ತೆ. ಮೇಲ್ ಕೂಡ ಇಷ್ಟೇ ಸಾಕು:

"ನಮಸ್ಕಾರ ಮೇಡಂ. ಮಡಿಕೇರಿ ಸುತ್ತಲಿನ ಹೋಂಸ್ಟೇಗಳ ವೆಬ್‌ಸೈಟ್ ನೋಡುವಾಗ ನಿಮ್ಮದನ್ನೂ ನೋಡಿದೆವು. ಫೋನ್ ನಂಬರ್ ಚಿತ್ರದೊಳಗೆ ಇರುವುದರಿಂದ ಅತಿಥಿಗಳು ಅದನ್ನು ಒತ್ತಿ ಕರೆ ಮಾಡಲು ಆಗುತ್ತಿಲ್ಲ. ನಾವಿಬ್ಬರು ಮೈಸೂರಿನಲ್ಲಿ ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಇದನ್ನು ಸರಿಪಡಿಸುವುದು ಹೇಗೆ ಎಂದು ಬರೆದು ಕಳಿಸಬಹುದೇ? ಬೇಡವಾದರೆ 'ಬೇಡ' ಎಂದಷ್ಟೇ ಉತ್ತರಿಸಿ, ಮತ್ತೆ ಬರೆಯುವುದಿಲ್ಲ."

ಲಿಂಕ್ ಇಲ್ಲ, ಫೈಲ್ ಇಲ್ಲ, ಬ್ಯಾನರ್ ಇಲ್ಲ. ಕೊನೆಯ ಸಾಲನ್ನ ಮಾತ್ರ ಬಿಡಬೇಡಿ. ಬೇಡ ಅನ್ನೋಕೆ ಸುಲಭದ ದಾರಿ ಇಲ್ಲದಿದ್ರೆ ಜನ ಸ್ಪ್ಯಾಮ್ ಬಟನ್ನನ್ನೇ ದಾರಿ ಮಾಡಿಕೊಳ್ತಾರೆ. ಉತ್ತರ ಬರದಿದ್ರೆ ಒಂದು ವಾರ ಬಿಟ್ಟು ಅದೇ ಮೇಲ್ ಕೆಳಗೆ ಒಂದೇ ಒಂದು ನೆನಪೋಲೆ ಹಾಕಿ, ಅಲ್ಲಿಗೆ ನಿಲ್ಲಿಸಿ.

ಮೂರನೇ ಪ್ರಶ್ನೆ: ಇದ್ದಕ್ಕಿದ್ದ ಹಾಗೆ ಇಷ್ಟೊಂದು ಯಾಕೆ?

ಉಚಿತ ಜಿಮೇಲ್‌ನಿಂದ ದಿನಕ್ಕೆ 500 ಜನಕ್ಕೆ, ಹಣ ಕೊಟ್ಟ ವರ್ಕ್‌ಸ್ಪೇಸ್ ಖಾತೆಯಿಂದ 2,000 ಮೇಲ್ ಕಳಿಸಬಹುದು. ಇದನ್ನ ಅನುಮತಿ ಅಂತ ಓದಿಕೊಳ್ಳಬೇಡಿ. ಅದು ಕೊಳವೆಯ ಗಾತ್ರ ಅಷ್ಟೇ. ನಿನ್ನೆವರೆಗೆ ದಿನಕ್ಕೆ ನಾಲ್ಕು ಮೇಲ್ ಕಳಿಸ್ತಿದ್ದ ಡೊಮೇನ್ ಇವತ್ತು ಬೆಳಿಗ್ಗೆ ಅಪರಿಚಿತರಿಗೆ ಅರುವತ್ತು ಕಳಿಸಿದ್ರೆ, ಯಾರೋ ಖಾತೆ ಕದ್ದಿರಬೇಕು ಅಂತಲೂ ಅನುಮಾನ ಬರಬಹುದು.

ನನ್ನ ಅಳತೆ ಹೀಗಿದೆ. ಇದು ಗೂಗಲ್‌ನ ನಿಯಮ ಅಲ್ಲ, ಜಾಗರೂಕತೆಯ ಲೆಕ್ಕ. ಮೊದಲ ವಾರ ದಿನಕ್ಕೆ ಮೂರು, ಎರಡನೇ ವಾರ ಐದು, ಆಮೇಲೆ ಹತ್ತು. ವಾರಕ್ಕೆ ಐದು ದಿನ ಕಳಿಸಿದ್ರೆ ಮೊದಲ ವಾರ ಹದಿನೈದು, ಎರಡನೇ ವಾರ ಇಪ್ಪತ್ತೈದು, ಮೂರನೇ ವಾರದ ಮೊದಲೆರಡು ದಿನ ಇಪ್ಪತ್ತು. ಅಲ್ಲಿಗೆ ಅರುವತ್ತೂ ಮುಗೀತು. ನಿಧಾನ ಅನ್ನಿಸಬಹುದು. ಆದ್ರೆ ಒಂದು ವೆಬ್‌ಸೈಟ್ ನೋಡಿ ನಿಜವಾದ ತೊಂದರೆ ಹುಡುಕೋಕೆ ಹತ್ತು ನಿಮಿಷ ಬೇಕು. ಹತ್ತು ಮೇಲ್ ಅಂದ್ರೆ ನೂರು ನಿಮಿಷದ ಕೆಲಸ. ಪ್ರಾಮಾಣಿಕವಾಗಿ ಬರೆಯೋರಿಗೆ ಇದಕ್ಕಿಂತ ಜಾಸ್ತಿ ಕಳಿಸೋಕೆ ಆಗೋದೂ ಇಲ್ಲ. ಎಲ್ಲರನ್ನೂ ಬಿಸಿಸಿಯಲ್ಲಿ ತುಂಬಿ ಒಂದೇ ಮೇಲ್ ಕಳಿಸೋ ಅಡ್ಡದಾರಿ ಹಿಡೀಬೇಡಿ.

ಹೀಗೆ ನಿಧಾನ ಹೋಗೋದ್ರಿಂದ ಇನ್ನೊಂದು ಲಾಭ: ಏನಾದ್ರೂ ಕೆಟ್ಟರೆ ಹದಿನೈದರಲ್ಲೇ ಗೊತ್ತಾಗುತ್ತೆ. 550 5.1.1 ಅನ್ನೋ ಸಂಖ್ಯೆ ಹೊತ್ತು ಮೇಲ್ ವಾಪಸ್ ಬಂದ್ರೆ ಆ ವಿಳಾಸವೇ ಇಲ್ಲ ಅಂತ ಅರ್ಥ. ಹದಿನೈದರಲ್ಲಿ ಎರಡು ಹಾಗೆ ಬಂದ್ರೆ ಕಳಿಸೋದು ನಿಲ್ಲಿಸಿ, ಉಳಿದ ವಿಳಾಸಗಳನ್ನ ಹೋಂಸ್ಟೇಗಳ ವೆಬ್‌ಸೈಟ್‌ನಲ್ಲಿ ಒಂದೊಂದಾಗಿ ತಾಳೆ ನೋಡಿ. ದುಡ್ಡು ಕೊಟ್ಟು ಕೊಂಡ ಪಟ್ಟಿಗಳಲ್ಲಿ ಇಂಥ ಸತ್ತ ವಿಳಾಸಗಳೇ ಜಾಸ್ತಿ ಸಿಗ್ತವೆ, ಅದಕ್ಕೇ ಕೊಳ್ಳಬೇಡಿ ಅನ್ನೋದು. 550 5.7.26 ಬಂದ್ರೆ ನಿಮ್ಮ ಗುರುತಿನ ದಾಖಲೆಗಳಲ್ಲಿ ತಪ್ಪಿದೆ, ಮೊದಲ ಹಂತಕ್ಕೆ ವಾಪಸ್ ಹೋಗಿ. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಸ್ಪ್ಯಾಮ್ ಪ್ರಮಾಣ ತೋರಿಸುತ್ತೆ, ಆದ್ರೆ ಇಷ್ಟು ಕಡಿಮೆ ಕಳಿಸೋರಿಗೆ ಅಲ್ಲಿ ಅಂಕಿ ಕಾಣಿಸೋದು ಕಷ್ಟ. ಅದರ ಬದಲು ವಾರಕ್ಕೊಮ್ಮೆ ಜಿಮೇಲ್, ಔಟ್‌ಲುಕ್, ಯಾಹೂಗಳಲ್ಲಿ ಖಾತೆ ಇರೋ ಪರಿಚಯದವರಿಗೆ ಅದೇ ರೀತಿಯ ಮೇಲ್ ಕಳಿಸಿ, ಎಲ್ಲಿ ಬಿತ್ತು ಅಂತ ಕೇಳಿ.

ಈಗ ಬಿಲ್ಲಿನ ಮಾತಿಗೆ ಬರೋಣ. ಡೊಮೇನ್ ಹೆಸರು ಕೆಟ್ಟರೆ ಕೋಲ್ಡ್ ಇಮೇಲ್ ಮಾತ್ರ ಅಲ್ಲ, ಹಳೇ ಗಿರಾಕಿಗೆ ಹೋಗಬೇಕಾದ ಬಿಲ್ಲೂ ಸ್ಪ್ಯಾಮ್‌ಗೆ ಹೋಗಬಹುದು. ಬಿಲ್ ಕಾಣದವರು ದುಡ್ಡು ಕೊಡಲ್ಲ. ಈ ಭಯಕ್ಕೇ ಕೆಲವರು ಕೋಲ್ಡ್ ಇಮೇಲ್‌ಗೆ ಅಂತ ಬೇರೆ ಡೊಮೇನ್ ಕೊಳ್ತಾರೆ. ತಪ್ಪಲ್ಲ, ಆದ್ರೆ ಹೊಸ ಡೊಮೇನ್‌ಗೆ ಒಳ್ಳೇ ಹೆಸರೂ ಇರಲ್ಲ, ಇನ್ನೂ ನಿಧಾನ ಶುರು ಮಾಡಬೇಕು. ಈಗಾಗಲೇ ಹೆಸರು ಕೆಟ್ಟಿದ್ರೆ ಕೋಲ್ಡ್ ಇಮೇಲ್ ಪೂರ್ತಿ ನಿಲ್ಲಿಸಿ, ಕೆಲವು ವಾರ ಪರಿಚಯದವರ ಜೊತೆಗಿನ ಮಾಮೂಲಿ ಪತ್ರವ್ಯವಹಾರ ಮಾತ್ರ ನಡೆಸಿ.

ವಿದೇಶದ ಗಿರಾಕಿಗಳಿಗೆ ಬರೆಯೋರು ಕಾನೂನನ್ನೂ ನೋಡಬೇಕು. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಪ್ರಕಾರ ದಾರಿ ತಪ್ಪಿಸೋ ಸಬ್ಜೆಕ್ಟ್ ಲೈನ್ ಅಪರಾಧ, ಮೇಲ್‌ನಲ್ಲಿ ಅಂಚೆ ವಿಳಾಸ ಇರಬೇಕು, ಬೇಡ ಅಂದವರನ್ನ 10 ಕೆಲಸದ ದಿನಗಳೊಳಗೆ ಪಟ್ಟಿಯಿಂದ ತೆಗೀಬೇಕು. ಜರ್ಮನಿಯಲ್ಲಂತೂ ಕಂಪನಿಗಳಿಗೆ ಕಳಿಸೋಕೂ ಮೊದಲೇ ಒಪ್ಪಿಗೆ ಬೇಕು.

ಇವತ್ತು ಒಂದೇ ಕೆಲಸ ಮಾಡೋದಾದ್ರೆ, ನಿಮ್ಮ ಡೊಮೇನ್‌ನಿಂದ ನಿಮ್ಮದೇ ಬೇರೊಂದು ಜಿಮೇಲ್‌ಗೆ ಒಂದು ಮೇಲ್ ಹಾಕಿ Show original ನೋಡಿ. ಮೂರು PASS ಸಿಗೋವರೆಗೆ ಬೇರೆ ಯಾರಿಗೂ ಕಳಿಸಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.