ಗುಟ್ಟಿನ ಕರಾರು: ಕೋಡ್ ಕೈದಾಟುವ ಮುನ್ನ



ಕಾಸರಗೋಡಿನಿಂದ ಬಂದು ಎರ್ನಾಕುಲಂನಲ್ಲಿ ಕಾನೂನು ಓದುತ್ತಿರುವ ನಮ್ಮ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಡ್ರಾಫ್ಟಿಂಗ್ ಪೇಪರ್‌ಗೆ ಬಂದ ಅಭ್ಯಾಸ ಹೀಗಿದೆ: ಕೊಚ್ಚಿಯ ಕಾಕ್ಕನಾಡಿನಲ್ಲಿ ಒಂದು ಸ್ಟಾರ್ಟಪ್. ಮೀನು ವ್ಯಾಪಾರಿಗಳಿಗೆ ನಾಳೆಯ ದರ ಅಂದಾಜು ಮಾಡಿ ಹೇಳುವ ಮೊಬೈಲ್ ತಂತ್ರಾಂಶ ಅವರದು. ಅದರ ಒಂದು ಭಾಗ ಬರೆದುಕೊಡಲು ತಿರುವನಂತಪುರದ ಕಳಕ್ಕೂಟ್ಟಂನಲ್ಲಿರುವ ಫ್ರೀಲಾನ್ಸ್ ಡೆವಲಪರ್ ಒಬ್ಬರನ್ನು ಗೊತ್ತು ಮಾಡಿದ್ದಾರೆ. ಮೂರು ತಿಂಗಳ ಕೆಲಸ, ಒಂದೂವರೆ ಲಕ್ಷ ರೂಪಾಯಿ. ಕೆಲಸಕ್ಕೆ ಮೊದಲು ತಂತ್ರಾಂಶದ ಮೂಲ ಬರಹವನ್ನೇ, ಅಂದರೆ ಸೋರ್ಸ್ ಕೋಡನ್ನೇ, ಅವರ ಕೈಗೆ ಕೊಡಬೇಕು. ಗೋಪ್ಯತಾ ಒಪ್ಪಂದ ಬರೆಯಿರಿ.

"ಇಂಟರ್ನೆಟ್‌ನಲ್ಲಿ ಸಿಕ್ಕ ಮಾದರಿ ಇಳಿಸಿಕೊಂಡು ಹೆಸರು ಬದಲಾಯಿಸಿದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ನಾಲ್ಕು ಕಡೆ ಗೀಚಿದ್ದಾರೆ. ಯಾಕೆ?" ಎಂದು ಕೇಳಿದ್ದಾರೆ. ನಾನು ಕನ್ನಡ ಬಿ.ಎ. ಮಾಡಿದವಳು, ಕಾನೂನು ಓದಿದವಳಲ್ಲ. ವಕೀಲಿಕೆ ಮಾಡುವ ಗೆಳತಿಯ ಮುಂದೆ ಆ ಹಾಳೆ ಇಟ್ಟುಕೊಂಡು ಕುಳಿತೆ. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಮೊದಲಿಗೆ, ಈ ಕಾಗದಕ್ಕೆ ಇಷ್ಟು ಮಹತ್ವ ಏಕೆ? ವ್ಯಾಪಾರದ ಗುಟ್ಟನ್ನು ಕಾಯಲೆಂದೇ ಮಾಡಿದ ಪ್ರತ್ಯೇಕ ಕಾಯಿದೆ ನಮ್ಮ ದೇಶದಲ್ಲಿಲ್ಲ. 2002ರ ಆಗಸ್ಟ್‌ನಲ್ಲಿ ಅಮೆರಿಕದ ಸಾಲಿಡ್‌ವರ್ಕ್ಸ್ ಕಂಪನಿಯ ಸೋರ್ಸ್ ಕೋಡನ್ನು ಮಾರಲು ಹೊರಟ ಆರೋಪದ ಮೇಲೆ ದೆಹಲಿಯಲ್ಲಿ ಸಿಬಿಐ ಒಬ್ಬನನ್ನು ಬಂಧಿಸಿತು. ಆ ಕೋಡ್ ತಿದ್ದುವ ಕೆಲಸ ವಹಿಸಿಕೊಂಡಿದ್ದ ಮುಂಬಯಿಯ ಕಂಪನಿಯೊಂದರ ಮಾಜಿ ನೌಕರ ಆತ. ಕೋಡ್ ಕದಿಯುವುದನ್ನು ಹೆಸರಿಟ್ಟು ಹೇಳುವ ಮಾತು ಆಗ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಇರಲಿಲ್ಲ. 2008ರ ತಿದ್ದುಪಡಿಯಲ್ಲಿ ಅದು 43ನೇ ಕಲಮಿಗೆ ಸೇರಿತು. ಆದರೂ ಏನು ಗುಟ್ಟು, ಯಾವುದಕ್ಕೆ ಬಳಸಬಹುದು, ಎಷ್ಟು ದಿನ ಕಾಯಬೇಕು ಎಂಬುದನ್ನು ಇಬ್ಬರ ನಡುವಿನ ಒಪ್ಪಂದವೇ ಹೇಳಬೇಕು.

ಈಗ ಮೇಷ್ಟ್ರ ಮೊದಲ ಗೀಟು. ಮಾದರಿಯಲ್ಲಿ "ಕಂಪನಿಯ ಎಲ್ಲ ಮಾಹಿತಿಯೂ ಗೋಪ್ಯ" ಎಂದಿತ್ತು. ಎಲ್ಲವೂ ಗುಟ್ಟು ಎಂದರೆ ಯಾವುದೂ ಗುಟ್ಟಲ್ಲ ಎಂದ ಹಾಗೆ. ಆ ಕೋಡಿನೊಳಗೆ ಯಾರು ಬೇಕಾದರೂ ಬಳಸಬಹುದಾದ ಓಪನ್ ಸೋರ್ಸ್ ಭಾಗಗಳೂ ಇರುತ್ತವೆ. ಅವು ಕಂಪನಿಯ ಗುಟ್ಟು ಹೇಗಾದಾವು? ಹಾಗಾಗಿ ಕೊನೆಯಲ್ಲಿ ಒಂದು ಅನುಸೂಚಿ ಹಾಕಿ, ಕೊಟ್ಟದ್ದು ಏನೆಂದು ಪಟ್ಟಿ ಮಾಡಬೇಕು. ಕೋಡನ್ನು ಗಿಟ್‌ನಲ್ಲಿ ಇಟ್ಟಿದ್ದರೆ ಕೆಲಸ ಸುಲಭ. ಕೊಡುವ ದಿನ ಈ ಒಂದು ಸಾಲು ಟೈಪ್ ಮಾಡಿದರೆ, ಆ ಕ್ಷಣದ ಆವೃತ್ತಿಯ ಗುರುತು ಸಾಮಾನ್ಯವಾಗಿ 40 ಅಕ್ಷರಗಳಲ್ಲಿ ಬರುತ್ತದೆ:

```
git rev-parse HEAD
```

ಆ ಗುರುತನ್ನು ಅನುಸೂಚಿಯಲ್ಲಿ ಬರೆದುಬಿಟ್ಟರೆ "ನನಗೆ ಕೊಟ್ಟದ್ದು ಇದಲ್ಲ" ಎಂಬ ತಕರಾರಿಗೆ ಎಡೆ ಕಡಿಮೆ. ಮೊದಲೇ ಎಲ್ಲರಿಗೂ ಗೊತ್ತಿದ್ದದ್ದು, ಡೆವಲಪರ್‌ಗೆ ಮೊದಲೇ ತಿಳಿದಿದ್ದದ್ದು, ನ್ಯಾಯಾಲಯ ಕೇಳಿದಾಗ ಹೇಳಲೇಬೇಕಾದದ್ದು, ಇವು ಗೋಪ್ಯವಲ್ಲ ಎಂದೂ ಬರೆಯಬೇಕು. ಕೆಲಸ ಮುಗಿದ ಮೇಲೆ ತನ್ನ ಬಳಿಯ ಎಲ್ಲ ಪ್ರತಿಗಳನ್ನೂ ಅಳಿಸಿ, ಅಳಿಸಿದ್ದೇನೆಂದು ಬರೆದುಕೊಡುವ ಷರತ್ತೂ ಇರಲಿ. ಅಳಿಸಿದ್ದನ್ನು ಕಣ್ಣಾರೆ ನೋಡಲು ಆಗದು. ಆದ್ದರಿಂದ ಪಾಸ್‌ವರ್ಡುಗಳನ್ನೂ ಗ್ರಾಹಕರ ನಿಜವಾದ ವಿವರಗಳನ್ನೂ ಕೋಡಿನ ಜೊತೆ ಕೊಡದಿರುವುದೇ ಜಾಣತನ.

ಎರಡನೆಯ ಗೀಟು ಬಿದ್ದದ್ದು ಬರೆದದ್ದರ ಮೇಲಲ್ಲ, ಬರೆಯದೆ ಬಿಟ್ಟದ್ದರ ಮೇಲೆ. ಹೆಚ್ಚಿನವರು ಎಡವುವುದು ಇಲ್ಲೇ. ನೌಕರ ಕೆಲಸದ ಭಾಗವಾಗಿ ಬರೆದ ಕೋಡ್ ಸಾಮಾನ್ಯವಾಗಿ ಯಜಮಾನನದು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಂ ಹೇಳುವುದು ಅದನ್ನೇ. ಆದರೆ ಫ್ರೀಲಾನ್ಸರ್ ನೌಕರನಲ್ಲ. ಬೇರೆ ಮಾತಾಗಿಲ್ಲದಿದ್ದರೆ, ದುಡ್ಡು ಕೊಟ್ಟು ಬರೆಸಿದರೂ ಹಕ್ಕು ಬರೆದವರದೇ. ಗೋಪ್ಯತಾ ಒಪ್ಪಂದ ಕಾಯುವುದು ಕಂಪನಿ ಕೊಟ್ಟ ಹಳೆಯ ಕೋಡನ್ನು. ಡೆವಲಪರ್ ಹೊಸದಾಗಿ ಬರೆದ ಕೋಡ್ ಕಂಪನಿಗೆ ಸೇರಬೇಕಾದರೆ ಹಕ್ಕು ವರ್ಗಾವಣೆಯ ಷರತ್ತು ಬೇರೆಯಾಗಿ ಬೇಕು, ಅದಕ್ಕೆ ಅವರ ಸಹಿಯೂ ಬೇಕು. ಆ ಷರತ್ತನ್ನು ಅರ್ಧಂಬರ್ಧ ಬರೆದರೂ ಪೆಟ್ಟು ತಪ್ಪಿದ್ದಲ್ಲ. 19ನೇ ಕಲಮಿನ ಪ್ರಕಾರ ಅವಧಿ ಹೇಳದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಆರನೇ ವರ್ಷ ದುಬೈನಲ್ಲಿ ತಂತ್ರಾಂಶ ಮಾರಲು ಹೊರಟ ಸ್ಟಾರ್ಟಪ್‌ಗೆ ಆಗ ಗೊತ್ತಾಗುತ್ತದೆ, ತನ್ನದೆಂದುಕೊಂಡದ್ದರಲ್ಲಿ ಒಂದು ಭಾಗ ತನ್ನದಲ್ಲವೆಂದು. ಗೆಳತಿ ಬರೆದುಕೊಟ್ಟ ಷರತ್ತು ಹೀಗಿದೆ:

"ಈ ಕೆಲಸಕ್ಕಾಗಿ ಡೆವಲಪರ್ ಬರೆಯುವ ಕೋಡಿನ ಮೇಲಿನ ಎಲ್ಲ ಕೃತಿಸ್ವಾಮ್ಯ ಹಕ್ಕುಗಳನ್ನು, ಆ ಕೋಡ್ ರಚನೆಯಾದ ಕ್ಷಣದಿಂದ, ಮೇಲೆ ಹೇಳಿದ ಪ್ರತಿಫಲಕ್ಕೆ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಇಡೀ ಜಗತ್ತಿಗೆ ಅನ್ವಯವಾಗುವಂತೆ ಕಂಪನಿಗೆ ವರ್ಗಾಯಿಸಿದ್ದಾರೆ."

ಮೂರನೆಯ ಗೀಟು: "ಡೆವಲಪರ್ ಮುಂದಿನ ಎರಡು ವರ್ಷ ಇಂಥದೇ ತಂತ್ರಾಂಶದ ಕೆಲಸ ಮಾಡಕೂಡದು" ಎಂಬ ಸಾಲು. 1872ರ ಕರಾರು ಕಾಯಿದೆಯ 27ನೇ ಕಲಮಿನಂತೆ, ಒಬ್ಬರ ಕಸುಬಿಗೆ ಅಡ್ಡ ಬರುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ. ಕೆಲಸ ನಡೆಯುತ್ತಿರುವಾಗಿನ ಕಟ್ಟುಪಾಡನ್ನು ಸುಪ್ರೀಂ ಕೋರ್ಟ್ 1967ರ ಗೋಲಿಕರಿ ಪ್ರಕರಣದಲ್ಲಿ ಒಪ್ಪಿತ್ತು. ಕೆಲಸ ಮುಗಿದ ಮೇಲೆ ಬೇರೆಯವರಿಗೆ ದುಡಿಯಬೇಡ ಎನ್ನುವುದು ಮಾತ್ರ ಸಾಮಾನ್ಯವಾಗಿ ನಿಲ್ಲುವುದಿಲ್ಲ. "ನಮ್ಮ ಕೋಡ್ ಬಳಸಬೇಡ, ಯಾರಿಗೂ ತೋರಿಸಬೇಡ" ಎನ್ನಬಹುದು. "ನಿನ್ನ ವಿದ್ಯೆ ಬಳಸಬೇಡ" ಎನ್ನಲಾಗದು. ಡೆವಲಪರ್‌ನ ಹೊಟ್ಟೆಪಾಡೂ ಇದರಲ್ಲಿದೆಯಲ್ಲವೇ?

ನಾಲ್ಕನೆಯದು ಕೇಳಿ ನಗು ಬಂತು. ಮಾದರಿ ಬೆಂಗಳೂರಿನದು. "ವ್ಯಾಜ್ಯವಿದ್ದರೆ ಬೆಂಗಳೂರಿನ ನ್ಯಾಯಾಲಯದಲ್ಲಿ ಮಾತ್ರ" ಎಂಬ ಸಾಲು ಹಾಗೆಯೇ ಉಳಿದಿತ್ತು! ಕಂಪನಿ ಕೊಚ್ಚಿಯದು, ಡೆವಲಪರ್ ತಿರುವನಂತಪುರದವರು, ಬೆಂಗಳೂರಿನಲ್ಲಿ ಏನೂ ನಡೆದಿಲ್ಲ. ಅಧಿಕಾರವೇ ಇಲ್ಲದ ನ್ಯಾಯಾಲಯಕ್ಕೆ ಇಬ್ಬರೂ ಒಪ್ಪಿದರೂ ಅಧಿಕಾರ ಬರುವುದಿಲ್ಲ ಎಂದು 1971ರ ಹಾಕಂ ಸಿಂಗ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಧಿಕಾರವುಳ್ಳ ಎರಡು ಊರುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ. ಡೆವಲಪರ್ ನೆಲೆಸಿರುವುದು ತಿರುವನಂತಪುರದಲ್ಲಿ. ಒಪ್ಪಂದಕ್ಕೆ ಸಹಿ ಬಿದ್ದದ್ದು, ಹಣ ಹೋಗುವುದು ಕೊಚ್ಚಿಯಿಂದ. ಹಾಗಾಗಿ "ಎರ್ನಾಕುಲಂ ನ್ಯಾಯಾಲಯಗಳಲ್ಲಿ ಮಾತ್ರ" ಎಂದು ಬರೆಯಬಹುದು, ಸಹಿ ಹಾಕಿದ ಸ್ಥಳವನ್ನೂ ನಮೂದಿಸಬೇಕು.

"ಉಲ್ಲಂಘಿಸಿದರೆ ಒಂದು ಕೋಟಿ ದಂಡ" ಎಂಬ ಸಾಲಿಗೆ ಮೇಷ್ಟ್ರು ಗೀಟು ಹಾಕಿಲ್ಲ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾರೆ. 74ನೇ ಕಲಮಿನಂತೆ ಆ ಮೊತ್ತ ಮೇಲ್ಮಿತಿ ಮಾತ್ರ. ನ್ಯಾಯಾಲಯ ಕೊಡುವುದು ಅದರೊಳಗೆ ನ್ಯಾಯವೆನಿಸಿದ ಪರಿಹಾರ. ಒಂದೂವರೆ ಲಕ್ಷದ ಕೆಲಸಕ್ಕೆ ಕೋಟಿ ಬರೆದರೆ ಅದು ಬೆದರಿಕೆಯಂತೆ ಕಾಣುತ್ತದೆ. ಕೋಡ್ ಸೋರಿದ ದಿನ ನಿಜವಾಗಿ ಬೇಕಾಗುವುದು ತಡೆಯಾಜ್ಞೆ. ಅದನ್ನು ಕೇಳುವಾಗ ಅನುಸೂಚಿಯ ಆ 40 ಅಕ್ಷರಗಳೇ ಮುಂದೆ ಬಂದು ನಿಲ್ಲುತ್ತವೆ.

ಕೊನೆಗೆ, ಸಹಿಯ ತಾರೀಖು ಕೋಡ್ ಕೊಟ್ಟ ತಾರೀಖಿಗಿಂತ ಹಿಂದಿನದಾಗಿರಲಿ. ಕೇರಳದ ಛಾಪಾ ಕಾಯಿದೆಯಂತೆ ಸ್ಟಾಂಪ್ ಪೇಪರ್ ಇರಲಿ, ಇಲ್ಲದಿದ್ದರೆ ಸಾಕ್ಷ್ಯಕ್ಕೆ ಹಾಜರುಪಡಿಸುವಾಗ ತೊಡಕು. ನಮ್ಮ ಕೇಳುಗರು ಹಾಳೆಯನ್ನು ಹೊಸದಾಗಿ ಬರೆದು ಕೊಟ್ಟಿದ್ದಾರಂತೆ. ಈ ಸಲ ಕೆಂಪು ಶಾಯಿ ಎಷ್ಟು ಖರ್ಚಾಯಿತೆಂದು ತಿಳಿದ ಮೇಲೆ ಕಾರ್ಯಕ್ರಮದಲ್ಲಿ ಹೇಳುತ್ತೇನೆ. ಕೇಳುತ್ತಿರಿ.